ಡೌನ್‌ಲೋಡ್ 40 ಇದ್ದರೂ ಮಾತು ಏಕೆ ತುಂಡಾಗುತ್ತದೆ?

ನಿಮ್ಮ ಮೊಬೈಲಿನ ಸ್ಪೀಡ್ ಟೆಸ್ಟ್ ಸ್ಕ್ರೀನ್‌ಶಾಟ್‌ನಲ್ಲಿ ಡೌನ್‌ಲೋಡ್ 40 Mbps, ಅಪ್‌ಲೋಡ್ 5 Mbps, ಪಿಂಗ್ 80 ms, ಜಿಟರ್ 55 ms ಅಂತ ಇದೆ ಅಂದುಕೊಳ್ಳಿ. ಯೂಟ್ಯೂಬ್ ಸಲೀಸಾಗಿ ಓಡುತ್ತೆ. ವಿಡಿಯೊ ಕಾಲ್‌ನಲ್ಲಿ ಮಾತ್ರ ಮಾತು ತುಂಡುತುಂಡು!

ಡೌನ್‌ಲೋಡ್ ಎಂದರೆ ನಮ್ಮ ಕಡೆಗೆ ಬರುವ ದತ್ತಾಂಶದ ವೇಗ. ಅಪ್‌ಲೋಡ್ ನಮ್ಮಿಂದ ಹೋಗುವುದರದ್ದು. ಕಾಲ್‌ಗೆ ಇಲ್ಲಿ ಎರಡೂ ಸಾಕಷ್ಟಿವೆ. (Mbps ಅಂದರೆ ಮೆಗಾಬಿಟ್; 8 ಬಿಟ್‌ಗೆ ಒಂದು ಬೈಟ್. ಹಾಗಾಗಿ 40 Mbps ಅಂದರೆ ಸೆಕೆಂಡಿಗೆ 5 ಮೆಗಾಬೈಟ್ ಅಷ್ಟೇ.)

ತೊಂದರೆ ಜಿಟರ್‌ನಲ್ಲಿದೆ. ಸಣ್ಣ ಸಂದೇಶವೊಂದು ಸರ್ವರ್‌ಗೆ ಹೋಗಿ ಮರಳಲು ಹಿಡಿಯುವ ಸಮಯವೇ ಪಿಂಗ್, ಅಂದರೆ ವಿಳಂಬ. ನಾಲ್ಕು ಸಲ ಅಳೆದಾಗ 50, 110, 55, 105 ಬಂತೆನ್ನಿ. ಸರಾಸರಿ 80. ಒಂದಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸ 60, 55, 50; ಇವುಗಳ ಸರಾಸರಿ 55, ಅದೇ ಜಿಟರ್.

ಯೂಟ್ಯೂಬ್ ಮುಂದಿನ ಭಾಗವನ್ನು ಮೊದಲೇ ತಂದಿಟ್ಟುಕೊಳ್ಳುತ್ತೆ. ಇನ್ನೂ ಆಡದ ಮಾತನ್ನು ಹಾಗೆ ತರೋದು ಹೇಗೆ? ತೀರಾ ತಡವಾಗಿ ಬಂದ ಧ್ವನಿಯ ತುಣುಕನ್ನು ಫೋನ್ ಬಿಟ್ಟುಬಿಡುತ್ತೆ.

ವೈಫೈ ಆದರೆ ರೂಟರ್ ಪಕ್ಕ ನಿಂತು ಮತ್ತೆ ಎರಡು ಮೂರು ಸಲ ಅಳೆಯಿರಿ. ಜಿಟರ್ ಇಳಿದರೆ ದೂರವೋ ಗೋಡೆಯೋ ಕಾರಣ. ಇಳಿಯದಿದ್ದರೆ, ಮನೆಯಲ್ಲಿ ಬೇರೆ ಯಾರಾದರೂ ದೊಡ್ಡ ಫೈಲ್ ಕಳಿಸುತ್ತಿದ್ದಾರಾ ನೋಡಿ.