ಗ್ರಿಡ್ ತಾನೇ ಎಳೆದುಕೊಳ್ಳುತ್ತದೆ ಎಂಬ ನಂಬಿಕೆ

"ಫ್ರೀಕ್ವೆನ್ಸಿ ಕೂಡಿತು, ವೋಲ್ಟೇಜ್ ಕೂಡಿತು, ಇನ್ನೇನದ್ರಿ ಸರ್? ಬ್ರೇಕರ್ ಹಾಕ್ರಿ. ಉಳಿದಿದ್ದು ಅದೇ ಎಳಕೊಂತದ."

ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಈ ಮಾತು ಕೇಳಿದ್ದೇನೆ, ದೇವದುರ್ಗದ ಹಳೆಯ ವೈರ್‌ಮನ್ ಒಬ್ಬರ ಬಾಯಲ್ಲಿ ಕೇಳಿದ್ದೇನೆ, ಡಿಪ್ಲೊಮಾ ಮುಗಿಸಿ ಬಂದ ಹುಡುಗರಿಂದಲೂ ಕೇಳಿದ್ದೇನೆ. ಎರಡು ಮೀಟರ್ ಸರಿಹೋದ ಮೇಲೆ ಫೇಸ್ ಕೋನ ಎಂಬುದು ಪುಸ್ತಕದ ಸಂಗತಿ, ಅಷ್ಟು ದೊಡ್ಡ ಗ್ರಿಡ್ಡಿಗೆ ಒಂದು ಅಲ್ಟರ್ನೇಟರನ್ನು ಸಾಲಿಗೆ ತಂದುಕೊಳ್ಳುವುದು ಏನು ಮಹಾ ಎಂಬುದು ಅವರ ವಾದ. ಗ್ರಿಡ್ ಎಳೆದುಕೊಳ್ಳುತ್ತದೆ ಎಂಬುದು ಸುಳ್ಳಲ್ಲ. ಆದರೆ ಹೇಗೆ ಎಳೆಯುತ್ತದೆ, ಎಳೆಯುವಾಗ ಏನು ಮುರಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ಎರಡು ಗಡಿಯಾರ ಇಟ್ಟುಕೊಳ್ಳಿ. ಎರಡೂ ಒಂದೇ ವೇಗದಲ್ಲಿ ನಡೆಯುತ್ತಿವೆ. ಒಂದು ಹನ್ನೆರಡು ತೋರಿಸುತ್ತಿದೆ, ಇನ್ನೊಂದು ನಾಲ್ಕು. ವೇಗ ಒಂದೇ ಆಗಿರುವುದರಿಂದಲೇ ಆ ನಾಲ್ಕು ಗಂಟೆಯ ಅಂತರ ಎಂದಿಗೂ ಕರಗುವುದಿಲ್ಲ. ಫ್ರೀಕ್ವೆನ್ಸಿ ಮೀಟರ್ ಹೇಳುವುದು ಗಡಿಯಾರ ನಡೆಯುವ ವೇಗವನ್ನು, ವೋಲ್ಟ್‌ಮೀಟರ್ ಹೇಳುವುದು ಮುಳ್ಳಿನ ಉದ್ದವನ್ನು. ಮುಳ್ಳು ಎಲ್ಲಿದೆ ಎಂದು ಹೇಳುವ ಶಕ್ತಿ ಎರಡಕ್ಕೂ ಇಲ್ಲ. ಅದಕ್ಕಾಗಿಯೇ ಪ್ಯಾನೆಲ್‌ನಲ್ಲಿ ಸಿಂಕ್ರೊಸ್ಕೋಪ್ ಎಂಬ ಮೂರನೆಯ ಮೀಟರ್ ಇರುವುದು.

ಕೋನ ತಪ್ಪಿದಾಗ ಆಗುವುದೇನು ಎಂದು ಶಕ್ತಿನಗರದ ಅಳತೆಯಲ್ಲೇ ಲೆಕ್ಕ ಹಾಕೋಣ. ಕೃಷ್ಣೆಯ ದಡದ ರಾಯಚೂರು ಶಾಖೋತ್ಪನ್ನ ಕೇಂದ್ರದಲ್ಲಿ 210 ಮೆಗಾವ್ಯಾಟ್‌ನ ಏಳು ಘಟಕಗಳೂ 250 ಮೆಗಾವ್ಯಾಟ್‌ನ ಒಂದು ಘಟಕವೂ ಇವೆ. ಮೊದಲನೆಯದು ನಡೆಯತೊಡಗಿದ್ದು 1985ರಲ್ಲಿ. 210 ಮೆಗಾವ್ಯಾಟ್ ವರ್ಗದ ಅಲ್ಟರ್ನೇಟರ್ ನಿಮಿಷಕ್ಕೆ 3000 ಸುತ್ತು ತಿರುಗಿ 15.75 ಕಿಲೊವೋಲ್ಟ್ ಕೊಡುತ್ತದೆ. ಪೂರ್ತಿ ಲೋಡಿನಲ್ಲಿ ಅದರ ಪ್ರವಾಹ ಸುಮಾರು 9,000 ಆಂಪಿಯರ್. ಯಂತ್ರ, ಅದರ ಟ್ರಾನ್ಸ್‌ಫಾರ್ಮರ್, ಆಚೆಯ ಗ್ರಿಡ್ ಮೂರೂ ಸೇರಿ ಒಡ್ಡುವ ತಡೆಯನ್ನು 40 ಶೇಕಡಾ ಎಂದು ಹಿಡಿಯುತ್ತೇನೆ. ಇಂಥ ಯಂತ್ರಕ್ಕೆ ಇದು ಅತಿಶಯವಾದ ಅಂದಾಜಲ್ಲ. ವೋಲ್ಟೇಜೂ ಫ್ರೀಕ್ವೆನ್ಸಿಯೂ ಎರಡು ಕಡೆ ತದ್ರೂಪವಾಗಿವೆ, ಕೋನ ಮಾತ್ರ ಬೇರೆ ಎಂದುಕೊಳ್ಳಿ. ಅಂತರ 10 ಡಿಗ್ರಿ ಇದ್ದರೆ ತೆರೆದ ಬ್ರೇಕರಿನ ಎರಡು ತುದಿಗಳ ನಡುವೆ ನಿಲ್ಲುವ ವೋಲ್ಟೇಜ್ ಪೂರ್ಣ ವೋಲ್ಟೇಜಿನ 17 ಶೇಕಡಾ. ಬ್ರೇಕರ್ ಮುಚ್ಚಿದರೆ ಪೂರ್ತಿ ಲೋಡಿನ ಅರ್ಧಕ್ಕೂ ಕಡಿಮೆ ಪ್ರವಾಹ ಒಮ್ಮೆ ಹರಿದು, ರೋಟರ್ ಸ್ವಲ್ಪ ಓಲಾಡಿ, ಸಾಲಿಗೆ ಬರುತ್ತದೆ. ಗ್ರಿಡ್ ಎಳೆದುಕೊಳ್ಳುತ್ತದೆ ಎನ್ನುವವರು ನೋಡಿರುವುದು ಇದನ್ನು, ಇದನ್ನಷ್ಟೇ.

60 ಡಿಗ್ರಿಗೆ ಆ ಅಂತರದ ವೋಲ್ಟೇಜ್ ಪೂರ್ಣ ವೋಲ್ಟೇಜಿನಷ್ಟೇ ಆಗುತ್ತದೆ, ಪ್ರವಾಹ ಎರಡೂವರೆ ಪಟ್ಟು. 120 ಡಿಗ್ರಿಗೆ 1.73 ಪಟ್ಟು ವೋಲ್ಟೇಜ್, ಸುಮಾರು 39,000 ಆಂಪಿಯರ್. 180 ಡಿಗ್ರಿಗೆ ಎರಡು ಪಟ್ಟು ವೋಲ್ಟೇಜ್, 45,000 ಆಂಪಿಯರ್. ಅಲ್ಟರ್ನೇಟರಿನ ಟರ್ಮಿನಲ್ಲಿನಲ್ಲೇ ಶಾರ್ಟ್ ಸರ್ಕಿಟ್ ಆದರೆ ಬರುವ ಪ್ರವಾಹಕ್ಕೆ ಇದು ಸರಿಸಮ.

ಪ್ರವಾಹ 180ರಲ್ಲಿ ಅತಿ ಹೆಚ್ಚು. ಆದರೆ ಶಾಫ್ಟನ್ನು ತಿರುಚುವ ಬಲ ಅತಿ ಹೆಚ್ಚಾಗುವುದು 180ರಲ್ಲಲ್ಲ, 120ರ ಆಸುಪಾಸಿನಲ್ಲಿ. ಸರಿಯಾಗಿ ಎದುರುಬದುರು ನಿಂತಾಗ ರೋಟರನ್ನು ಮುಂದಕ್ಕೆ ಎಳೆಯಬೇಕೋ ಹಿಂದಕ್ಕೋ ಎಂಬ ಸೆಳೆತ ಎರಡು ಕಡೆಗೂ ಸಮನಾಗಿರುತ್ತದೆ. 120ರಲ್ಲಿ ಸೆಳೆತಕ್ಕೆ ಸ್ಪಷ್ಟ ದಿಕ್ಕೂ ಇದೆ, ಭಾರಿ ಪ್ರವಾಹವೂ ಇದೆ. ಎರಡು ಪೋಲಿನ ಯಂತ್ರದಲ್ಲಿ 120 ಡಿಗ್ರಿ ಎಂದರೆ ಟರ್ಬೈನ್ ಸಮೇತ ಹತ್ತಾರು ಟನ್ನಿನ ಉಕ್ಕಿನ ದಂಡವನ್ನು, ಅದು ಸೆಕೆಂಡಿಗೆ 50 ಸುತ್ತು ತಿರುಗುತ್ತಿರುವಾಗಲೇ, ಸುತ್ತಿನ ಮೂರನೇ ಒಂದು ಪಾಲು ಹಿಡಿದು ಜಗ್ಗಿದಂತೆ. ಕಪ್ಲಿಂಗಿನ ಬೋಲ್ಟು, ಸ್ಟೇಟರ್ ಸುರುಳಿಗಳ ಹೊರಚಾಚಿದ ತುದಿಗಳು, ಟ್ರಾನ್ಸ್‌ಫಾರ್ಮರಿನ ಒಳಸುತ್ತುಗಳು ಪೆಟ್ಟು ತಿನ್ನುತ್ತವೆ. ಅಂದೇ ಮುರಿಯದಿದ್ದರೂ ಶಾಫ್ಟಿನ ಆಯಸ್ಸಿನಲ್ಲಿ ಒಂದು ಪಾಲು ಕಳೆದುಹೋಗಿರುತ್ತದೆ, ಅದನ್ನು ಯಾವ ಮೀಟರೂ ತೋರಿಸುವುದಿಲ್ಲ.

ಇನ್ನು ಮಾನ್ವಿಯ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ನಾನೇ ಕಂಡದ್ದು. ಅಲ್ಲಿ 320 ಕೆವಿಎಯ ಎರಡು ಡೀಸೆಲ್ ಜನರೇಟರ್ ಇದ್ದವು. ಕರೆಂಟ್ ಹೋದಾಗ ಮೊದಲನೆಯದು ನಡೆಯುತ್ತಿರುತ್ತದೆ, ಎರಡನೆಯದನ್ನು ಅದಕ್ಕೆ ಕೂಡಿಸಬೇಕು. ಕೂಡಿಸಲು ಬರುವ ಯಂತ್ರದ ಪಾಲಿಗೆ ಆಗಲೇ ನಡೆಯುತ್ತಿರುವ ಬಸ್‌ಬಾರೇ ಗ್ರಿಡ್, ನಿಯಮಗಳು ಶಕ್ತಿನಗರದವೇ. ಎರಡನೆಯ ಅಲ್ಟರ್ನೇಟರ್ ರಿವೈಂಡಿಂಗ್‌ಗೆ ಹೋಗಿ ಬಂದಿತ್ತು. ಕೇಬಲ್ ಕಟ್ಟಿ, ಎರಡು ತಾಸು ಒಂದನ್ನೇ ನಡೆಸಿ ನೋಡಿದ್ದರು. ಮೋಟರುಗಳು ಸರಿಯಾದ ದಿಕ್ಕಿಗೆ ತಿರುಗಿದವು, ಫೇಸ್ ಸೀಕ್ವೆನ್ಸ್ ಮೀಟರ್ ಸರಿ ಎಂದಿತು. ಸಂಜೆ ಎರಡನ್ನೂ ಕೂಡಿಸುವಾಗ ಸಿಂಕ್ರೊಸ್ಕೋಪಿನ ಮುಳ್ಳು ನಿಧಾನವಾಗಿ ಬಂದು ಹನ್ನೆರಡಕ್ಕೆ ಸೇರುವ ಹೊತ್ತಿಗೆ ಬ್ರೇಕರ್ ಹಾಕಿದರು. ನೆಲ ಅದುರಿತು, ಎರಡೂ ಯಂತ್ರ ಟ್ರಿಪ್ ಆದವು. ಎಂಜಿನ್ನನ್ನು ಅಲ್ಟರ್ನೇಟರಿಗೆ ಕೂಡಿಸುವ ತೆಳು ಉಕ್ಕಿನ ತಟ್ಟೆಗಳ ಬೋಲ್ಟುಗಳು ತುಂಡಾಗಿದ್ದವು, ರೋಟರ್ ಮೇಲೆ ತಿರುಗುವ ಡಯೋಡುಗಳು ಸುಟ್ಟಿದ್ದವು. ಮರುದಿನ ನಾನು ಹೋದಾಗ ಮಾಲೀಕರು, "ಮುಳ್ಳು ಹನ್ನೆರಡಕ್ಕೇ ಇತ್ರಿ, ನಾನ ನೋಡೀನಿ" ಎಂದರು. ಅವರು ಹೇಳಿದ್ದು ನಿಜ.

ತಪ್ಪು ಇದ್ದದ್ದು ಕೇಬಲ್ಲಿನಲ್ಲಿ. ಮೂರು ಕೇಬಲ್ಲುಗಳೂ ಒಂದೊಂದು ಜಾಗ ಸರಿದಿದ್ದವು: ಆರ್ ಹೋಗಬೇಕಾದಲ್ಲಿಗೆ ಬಿ, ವೈ ಹೋಗಬೇಕಾದಲ್ಲಿಗೆ ಆರ್, ಬಿ ಹೋಗಬೇಕಾದಲ್ಲಿಗೆ ವೈ. ಎರಡನ್ನು ಅದಲುಬದಲು ಮಾಡಿದ್ದರೆ ಮೋಟರ್ ಉಲ್ಟಾ ತಿರುಗಿ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಮೂರೂ ಒಟ್ಟಿಗೆ ಸರಿದಾಗ ಸರದಿ ಹಾಗೇ ಉಳಿಯುತ್ತದೆ, ಮೋಟರಿಗೂ ಸೀಕ್ವೆನ್ಸ್ ಮೀಟರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಬ್ರೇಕರಿನಲ್ಲಿ ಎಲ್ಲ ಫೇಸೂ ಸರಿಯಾಗಿ 120 ಡಿಗ್ರಿ ಪಕ್ಕಕ್ಕೆ ಜಾರಿರುತ್ತದೆ, ಶಾಫ್ಟಿಗೆ ಅತಿ ಕೆಟ್ಟದ್ದೆಂದು ಮೇಲೆ ಹೇಳಿದ ಅದೇ ಕೋನ. ಸಿಂಕ್ರೊಸ್ಕೋಪಿಗೆ ಹೋಗುವ ಸಣ್ಣ ತಂತಿಗಳನ್ನು ಅಲ್ಟರ್ನೇಟರಿನ ಟರ್ಮಿನಲ್ಲಿನಿಂದಲೇ ತೆಗೆದಿದ್ದರು, ಕೇಬಲ್ಲಿನ ಆಚೆ ತುದಿಯಿಂದಲ್ಲ. ಹಾಗಾಗಿ ಅದು ತನಗೆ ಕಂಡದ್ದನ್ನು ಸರಿಯಾಗಿಯೇ ತೋರಿಸಿತು. ಬ್ರೇಕರಿನಲ್ಲಿ ಏನಿದೆ ಎಂಬುದು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಅದರ ಜಾಗದಲ್ಲಿ ಆಟೋ ಸಿಂಕ್ರೊನೈಸರ್ ಇದ್ದಿದ್ದರೂ ಅದೇ ತಂತಿಗಳನ್ನು ನಂಬಿ, ಅದೇ ಕ್ಷಣದಲ್ಲಿ, ಇನ್ನೂ ನಿಖರವಾಗಿ ತಪ್ಪು ಮಾಡುತ್ತಿತ್ತು. ದೊಡ್ಡ ಯಂತ್ರಗಳಲ್ಲಿ ಪಿಟಿಯ ತಂತಿ ಉಲ್ಟಾ ಕಟ್ಟಿದರೆ 180 ಡಿಗ್ರಿ, ಡೆಲ್ಟಾ-ಸ್ಟಾರ್ ಟ್ರಾನ್ಸ್‌ಫಾರ್ಮರಿನ ಆಚೀಚೆಯ ಪಿಟಿಗಳನ್ನು ಲೆಕ್ಕವಿಡದೆ ಹೋಲಿಸಿದರೆ 30 ಡಿಗ್ರಿ, ಇದೇ ಬಗೆಯ ಮೋಸ.

ಇದನ್ನು ಹಿಡಿಯಲು ಬೇಕಿದ್ದದ್ದು ಒಂದು ಮಲ್ಟಿಮೀಟರ್. ನ್ಯೂಟ್ರಲ್ ಎರಡಕ್ಕೂ ಒಂದೇ ಇರುವ ಇಂಥ ಕಡೆ, ಬ್ರೇಕರ್ ತೆರೆದಿರುವಾಗ, ಮುಳ್ಳು ಹನ್ನೆರಡಕ್ಕೆ ಬಂದ ಹೊತ್ತಿಗೆ ಆರ್ ಫೇಸಿನ ಮೇಲಿನ ತುದಿಯಿಂದ ಅದೇ ಫೇಸಿನ ಕೆಳಗಿನ ತುದಿಗೆ ವೋಲ್ಟೇಜ್ ಅಳೆಯಬೇಕು, ಆಮೇಲೆ ವೈ, ಆಮೇಲೆ ಬಿ. ಸೊನ್ನೆಯ ಹತ್ತಿರ ಬಂದರೆ ಸರಿ. ಆ ಗಿರಣಿಯಲ್ಲಿ ಅಳೆದಿದ್ದರೆ 400 ವೋಲ್ಟ್ ತೋರಿಸುತ್ತಿತ್ತು: 230ರ 1.73 ಪಟ್ಟು. ಹಳೆಯ ಕಾಲದವರು ಬ್ರೇಕರಿಗೆ ಅಡ್ಡಲಾಗಿ ಬಲ್ಬು ಕಟ್ಟುತ್ತಿದ್ದದ್ದು ಇದಕ್ಕೇ. ಆ ಬಲ್ಬನ್ನೂ ಕಣ್ಣುಮುಚ್ಚಿ ನಂಬಬಾರದು, ಕಡಿಮೆ ವೋಲ್ಟೇಜಿನಲ್ಲಿ ಫಿಲಮೆಂಟ್ ಹೊತ್ತಿದ್ದು ಕಾಣುವುದೇ ಇಲ್ಲ, ಸುಟ್ಟುಹೋದ ಬಲ್ಬೂ ಕತ್ತಲೆಯಾಗಿಯೇ ಇರುತ್ತದೆ.

ಉಳಿದ ನಂಬಿಕೆಗಳು ಇಷ್ಟು ಅಪಾಯದವಲ್ಲ. ವೋಲ್ಟೇಜ್ ಕೂದಲೆಳೆಯಷ್ಟೂ ಬೇರೆ ಇರಬಾರದು ಎನ್ನುತ್ತಾರೆ. ಐದು ಶೇಕಡಾ ಹೆಚ್ಚಿದ್ದರೆ ಆಗುವುದು ಸ್ವಲ್ಪ ರಿಯಾಕ್ಟಿವ್ ಪ್ರವಾಹ, ಶಾಫ್ಟಿಗೆ ಅದರಿಂದ ತೊಂದರೆಯಿಲ್ಲ. ಮುಳ್ಳು ಪೂರ್ತಿ ನಿಂತಾಗಲೇ ಬ್ರೇಕರ್ ಹಾಕಬೇಕು ಎನ್ನುವುದಂತೂ ತಿರುವುಮುರುವಾದ ಮಾತು. ನಿಂತ ಮುಳ್ಳು ನಾಲ್ಕರಲ್ಲೂ ನಿಲ್ಲಬಹುದು, ಮುಳ್ಳೇ ಸಿಕ್ಕಿಹಾಕಿಕೊಂಡಿರಲೂಬಹುದು. ಅದು ವೇಗದ ದಿಕ್ಕಿಗೆ ನಿಧಾನವಾಗಿ ತಿರುಗುತ್ತಿರಬೇಕು. ದೊಡ್ಡ ಯಂತ್ರಗಳಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ 0.067 ಹರ್ಟ್ಸ್, ಅಂದರೆ ಹದಿನೈದು ಸೆಕೆಂಡಿಗೆ ಒಂದು ಸುತ್ತು, ಕೋನದ ಮಿತಿ ಹತ್ತು ಡಿಗ್ರಿ. ಆ ವೇಗದಲ್ಲಿ ಬ್ರೇಕರ್ ಮುಚ್ಚಲು ಹಿಡಿಯುವ ಹತ್ತನೇ ಒಂದು ಸೆಕೆಂಡಿನಲ್ಲಿ ಮುಳ್ಳು ಸುಮಾರು ಎರಡೂವರೆ ಡಿಗ್ರಿ ಸರಿಯುತ್ತದೆ. ಆತುರದಲ್ಲಿ ಅರ್ಧ ಹರ್ಟ್ಸ್ ವೇಗದಲ್ಲಿ ಹಾಕಿದರೆ ಹದಿನೆಂಟು ಡಿಗ್ರಿ ದಾಟಿರುತ್ತದೆ. ಯಂತ್ರವೇ ನಿಧಾನವಿದ್ದು ಕೂಡಿದರೆ ಅದು ಗ್ರಿಡ್ಡಿನಿಂದ ಶಕ್ತಿ ಎಳೆದು ಮೋಟರಾಗುತ್ತದೆ, ರಿವರ್ಸ್ ಪವರ್ ರಿಲೇ ಅದನ್ನು ಕೆಡವುತ್ತದೆ. ಫೇಸ್ ಸರದಿಯೇ ಉಲ್ಟಾ ಇದ್ದರೆ ಯಾವ ಕ್ಷಣವೂ ಸರಿಯಾದ ಕ್ಷಣವಲ್ಲ.

ಕೋನವನ್ನು ಹಗುರವಾಗಿ ಕಾಣುವವರು ರಾಯಚೂರಿನಲ್ಲೇ 2013ರ ಡಿಸೆಂಬರ್ 31ರಂದು ನಡೆದದ್ದನ್ನು ನೆನೆಯಬೇಕು. ಅಲ್ಲಿಯವರೆಗೆ ದಕ್ಷಿಣದ ಗ್ರಿಡ್ ತನ್ನದೇ ಫ್ರೀಕ್ವೆನ್ಸಿಯಲ್ಲಿ ನಡೆಯುತ್ತಿತ್ತು. ಉಳಿದ ದೇಶದೊಂದಿಗೆ ಅದರ ನಂಟು ಡಿ.ಸಿ. ಕೊಂಡಿಗಳ ಮೂಲಕ ಮಾತ್ರ, ಅದರಿಂದಲೇ 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತ ಕತ್ತಲಾದಾಗ ನಮ್ಮಲ್ಲಿ ದೀಪ ಉರಿಯುತ್ತಿತ್ತು. 765 ಕಿಲೊವೋಲ್ಟಿನ ರಾಯಚೂರು–ಸೋಲಾಪುರ ಲೈನಿನ ಮೂಲಕ ಅಂದು ಎರಡು ಗ್ರಿಡ್‌ಗಳು ಸಿಂಕ್ರೊನೈಸ್ ಆದವು. ಅಲ್ಲಿ ಎಳೆದುಕೊಳ್ಳುವ ದೊಡ್ಡ ಗ್ರಿಡ್, ಎಳೆಸಿಕೊಳ್ಳುವ ಪುಟ್ಟ ಯಂತ್ರ ಎಂಬುದೇ ಇರಲಿಲ್ಲ. ಎರಡು ಕಡೆಯೂ ಸಾವಿರಾರು ಮೆಗಾವ್ಯಾಟ್ ತಿರುಗುತ್ತಿತ್ತು. ಅಷ್ಟು ದೊಡ್ಡ ವ್ಯವಸ್ಥೆಗಳಿಗೂ ಕೂಡಲು ಬೇಕಿದ್ದದ್ದು ಇವೇ ಷರತ್ತುಗಳು.

ನಮ್ಮ ಜನ ಮೀಟರನ್ನು ನಂಬುತ್ತಾರೆ, ಮೀಟರಿಗೆ ಕಟ್ಟಿದ ತಂತಿಯನ್ನು ನೋಡುವುದಿಲ್ಲ. ಹತ್ತು ವರ್ಷ ಹೀಗೇ ಹಾಕಿದ್ದೇವೆ, ಏನೂ ಆಗಿಲ್ಲ ಎನ್ನುತ್ತಾರೆ. ಆ ಹತ್ತು ವರ್ಷ ಕೇಬಲ್ ಬಿಚ್ಚಿರಲಿಲ್ಲ, ಅದಕ್ಕೇ ಏನೂ ಆಗಿರಲಿಲ್ಲ.

ಆದ್ದರಿಂದ ನನ್ನ ಕೇಳಿಕೆ ಇಷ್ಟೇ. ಅಲ್ಟರ್ನೇಟರ್ ರಿವೈಂಡಿಂಗ್ ಆಗಿರಲಿ, ಕೇಬಲ್ ಬದಲಾಗಿರಲಿ, ಪಿಟಿ ಅಥವಾ ಪ್ಯಾನೆಲ್ ತಂತಿ ಒಮ್ಮೆ ಬಿಚ್ಚಿ ಕಟ್ಟಿರಲಿ, ಮೊದಲ ಸಲ ಕೂಡಿಸುವ ಮುನ್ನ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನಿಂದ ತೆರೆದ ಬ್ರೇಕರಿನ ಮೂರೂ ಫೇಸುಗಳಲ್ಲಿ ಮೇಲಿನಿಂದ ಕೆಳಕ್ಕೆ ವೋಲ್ಟೇಜ್ ಅಳೆಸಿರಿ. ಮುಳ್ಳು ಹನ್ನೆರಡಕ್ಕಿದ್ದೂ ಅಲ್ಲಿ ವೋಲ್ಟೇಜ್ ಕಂಡರೆ, ಯಾರು ಏನೇ ಹೇಳಲಿ, ಬ್ರೇಕರ್ ಹಾಕಬೇಡಿ.