ಜಲಜನಕವನ್ನು ತಣಿಸುವುದೇಕೆ ಕಷ್ಟ?

ಜರ್ಮನಿಯ ಕಾರ್ಲ್ ಲಿಂಡೆ 1895ರಲ್ಲಿ ಕೋಣೆಯ ಬಿಸುಪಿನ ಗಾಳಿಯನ್ನೇ ತೆಗೆದುಕೊಂಡು, ಒತ್ತಿ, ಸಣ್ಣ ಕಿಂಡಿಯಿಂದ ಹೊರಬಿಟ್ಟು, ಹೀಗೆ ತಣಿದ ಗಾಳಿಯಿಂದ ಒಳಬರುವ ಗಾಳಿಯನ್ನು ಮತ್ತೆ ಮತ್ತೆ ತಣಿಸಿ ದ್ರವವಾಗಿಸಿದರು. ಮೂರು ವರ್ಷದ ನಂತರ ಲಂಡನ್ನಿನಲ್ಲಿ ಜೇಮ್ಸ್ ಡ್ಯೂವಾರ್ ಜಲಜನಕಕ್ಕೆ ಕೈ ಹಾಕಿದಾಗ ಅದನ್ನು ಮೊದಲೇ ಮೈನಸ್ 205 ಡಿಗ್ರಿಗೆ ತಣಿಸಿಕೊಳ್ಳಬೇಕಾಯಿತು. ಏಕೆಂದರೆ ಕೋಣೆಯ ಬಿಸುಪಿನಲ್ಲಿರುವ ಜಲಜನಕ ಕಿಂಡಿ ದಾಟಿದರೆ ತಣಿಯುವುದಿಲ್ಲ, ಸ್ವಲ್ಪ ಬಿಸಿಯಾಗುತ್ತದೆ!

ಈ ವಿಚಿತ್ರದ ಮೂಲ 1850ರ ದಶಕದಲ್ಲಿ ಜೌಲ್ ಮತ್ತು ಥಾಮ್ಸನ್ ನಡೆಸಿದ ಪ್ರಯೋಗಗಳಲ್ಲಿದೆ. ಶಾಖ ಒಳಗೂ ಬಾರದ, ಹೊರಗೂ ಹೋಗದ ಕೊಳವೆಯಲ್ಲಿ ಸೂಕ್ಷ್ಮ ರಂಧ್ರಗಳ ಬಿರಡೆಯೊಂದನ್ನಿಟ್ಟು ಅವರು ಅನಿಲವನ್ನು ಅದರ ಮೂಲಕ ತಳ್ಳಿದರು. ಒತ್ತಡ ಒಂದು ವಾಯುಮಂಡಲದಷ್ಟು ಇಳಿದಾಗ ಗಾಳಿ ಸುಮಾರು ಕಾಲು ಡಿಗ್ರಿ ತಣಿಯಿತು. ಆದರ್ಶ ಅನಿಲವಾಗಿದ್ದರೆ ಏನೂ ಬದಲಾಗಬಾರದಿತ್ತು.

ತಣಿಯಲು ಕಾರಣ ಅಣುಗಳ ಪರಸ್ಪರ ಸೆಳೆತ. ಅನಿಲ ಹಿಗ್ಗುವಾಗ ಅವು ಆ ಸೆಳೆತವನ್ನು ಮೀರಿ ದೂರ ಸರಿಯಬೇಕು. ಅದಕ್ಕೆ ಬೇಕಾದ ಶಕ್ತಿ ಅವುಗಳ ಚಲನೆಯಿಂದಲೇ ಖರ್ಚಾಗುತ್ತದೆ. ಇದಕ್ಕೆ ಎದುರಾಗಿ ಇನ್ನೊಂದಿದೆ. ಅಣುಗಳು ಜಾಗ ಹಿಡಿಯುತ್ತವೆ, ತೀರ ಹತ್ತಿರ ಬಂದರೆ ಒಂದನ್ನೊಂದು ತಳ್ಳುತ್ತವೆ. ಈ ತಳ್ಳಾಟದಿಂದಾಗಿ, ಅನಿಲವನ್ನು ಬಿರಡೆಯೊಳಗೆ ನೂಕಲು ಆಗುವ ಕೆಲಸ ಅದು ಆಚೆ ಬದಿಯಲ್ಲಿ ಮಾಡುವ ಕೆಲಸಕ್ಕಿಂತ ಹೆಚ್ಚಾಗುತ್ತದೆ. ಮಿಕ್ಕಿದ್ದು ಅನಿಲವನ್ನು ಬಿಸಿಮಾಡುತ್ತದೆ.

ಗೆಲ್ಲುವುದು ಯಾವುದೆಂದು ತೀರ್ಮಾನಿಸುವುದು ತಾಪಮಾನ. ಬಿಸಿ ಅಣುಗಳು ವೇಗವಾಗಿ ಹಾದುಹೋಗುತ್ತವೆ, ಸೆಳೆತ ಅವನ್ನು ಹೆಚ್ಚೇನೂ ಹಿಡಿಯಲಾರದು. ತಣಿದಷ್ಟೂ ಸೆಳೆತದ ಕೈ ಮೇಲಾಗುತ್ತದೆ. ಎರಡೂ ಸರಿಸಮವಾಗುವ ಬಿಂದುವೇ ವಿಲೋಮ ತಾಪಮಾನ. ಕಡಿಮೆ ಒತ್ತಡದಲ್ಲಿ ಸಾರಜನಕಕ್ಕೆ ಇದು ಸುಮಾರು 348 ಡಿಗ್ರಿ ಸೆಲ್ಸಿಯಸ್, ಜಲಜನಕಕ್ಕೆ ಸುಮಾರು ಮೈನಸ್ 70, ಹೀಲಿಯಂಗೆ ಮೈನಸ್ 230ರ ಆಸುಪಾಸು.

ಹಾಗಾಗಿ ಈ ಒಂದು ಅಂಕಿಯಿಂದ ಅಣುಗಳ ಸ್ವಭಾವವನ್ನೇ ಓದಬಹುದು. ವಾನ್ ಡರ್ ವಾಲ್ಸ್ ಸಮೀಕರಣದ ಪ್ರಕಾರ ವಿಲೋಮ ತಾಪಮಾನ 2a/Rb. ಇಲ್ಲಿ a ಸೆಳೆತದ ಅಳತೆ, b ಅಣುವಿನ ಗಾತ್ರದ ಅಳತೆ, R ಅನಿಲ ಸ್ಥಿರಾಂಕ. ಜಲಜನಕದ b ಸಾರಜನಕದ b-ಯ ಮೂರನೇ ಎರಡು ಪಾಲಿನಷ್ಟಿದೆ. A ಮಾತ್ರ ಐದನೇ ಒಂದು ಪಾಲೂ ಇಲ್ಲ. ಅಂದರೆ ಜಲಜನಕದ ಅಣು ತೀರಾ ಚಿಕ್ಕದೆಂದಲ್ಲ, ಅದರ ಸೆಳೆತ ಗಾತ್ರಕ್ಕೆ ತಕ್ಕಷ್ಟಿಲ್ಲ. ಈ ಸೂತ್ರ ಸಾರಜನಕಕ್ಕೆ ಸುಮಾರು 580 ಡಿಗ್ರಿ ಎನ್ನುತ್ತದೆ, ನಿಜಕ್ಕಿಂತ ಬಹಳ ಹೆಚ್ಚು. ಅಣುಗಳ ಬಲವನ್ನು ಅದು ತೀರಾ ಸರಳಗೊಳಿಸಿರುವುದೇ ಕಾರಣ. ಯಾವ ಅನಿಲದ ವಿಲೋಮ ತಾಪಮಾನ ಹೆಚ್ಚು, ಯಾವುದರದು ಕಡಿಮೆ ಎಂಬ ಕ್ರಮವನ್ನಂತೂ ಸರಿಯಾಗಿ ಹಿಡಿಯುತ್ತದೆ.

ಒತ್ತಡಕ್ಕೂ ಮಿತಿಯುಂಟು. ಸುಮಾರು 400 ವಾಯುಮಂಡಲ ದಾಟಿದರೆ ಸಾರಜನಕದಲ್ಲಿ ತಳ್ಳಾಟದ್ದೇ ಮೇಲುಗೈ. ಆಗ ಕಿಂಡಿ ದಾಟುವಾಗಿನ ಮೊದಲ ಇಳಿತವೇ ಅದನ್ನು ಬಿಸಿಮಾಡುತ್ತದೆ.

ಅಡುಗೆ ಅನಿಲದ ಸಿಲಿಂಡರಿನ ಹೊರಮೈ ಜೋರು ಉರಿಯಲ್ಲಿ ಬೆವರುವುದನ್ನೂ ಕೆಲವರು ಈ ಪರಿಣಾಮಕ್ಕೆ ಹೊಂದಿಸುತ್ತಾರೆ. ಅಲ್ಲಿ ನಡೆಯುವುದು ಬೇರೆ: ಒಳಗಿನ ದ್ರವ ಆವಿಯಾಗಲು ಬೇಕಾದ ಶಾಖವನ್ನು ತನ್ನಿಂದಲೂ ಸಿಲಿಂಡರಿನಿಂದಲೂ ಹೀರಿಕೊಳ್ಳುತ್ತದೆ. ಕಿಂಡಿ ದಾಟಿ ತಣಿಯುವುದರ ಪಾಲು ಅದರಲ್ಲಿ ಬಹಳ ಕಡಿಮೆ.