ಮಾಲೀಕರ ಕೈಯಲ್ಲಿರುವ ಇನ್ನೊಂದು ಕೀಲಿ

ಪುಣೆಯಲ್ಲಿ ಬಾಡಿಗೆ ಮನೆ ಹಿಡಿಯುವಾಗ ನಮ್ಮಲ್ಲಿ ಹೆಚ್ಚಿನವರು ಸಹಿ ಹಾಕುವುದು ‘ಲೀವ್ ಅಂಡ್ ಲೈಸೆನ್ಸ್’ ಕರಾರಿಗೆ, ಸಾಮಾನ್ಯವಾಗಿ 11 ತಿಂಗಳಿಗೆ. ಏಜೆಂಟ್ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬರುತ್ತಾನೆ, ಹೆಬ್ಬೆರಳಿನ ಗುರುತು ತೆಗೆದುಕೊಳ್ಳುತ್ತಾನೆ, ಚಹಾ ಆರುವುದರೊಳಗೆ ಕೆಲಸ ಮುಗಿಸಿ ಹೊರಡುತ್ತಾನೆ. ಬಾಡಿಗೆ, ಡಿಪಾಸಿಟ್, ಎಷ್ಟು ತಿಂಗಳ ನೋಟಿಸು, ಇಷ್ಟನ್ನು ನಾವು ನೋಡಿಕೊಳ್ಳುತ್ತೇವೆ. ಮಾಲೀಕರು ಮನೆಯೊಳಗೆ ಯಾವಾಗ ಬರಬಹುದು ಎಂಬ ಕಲಮನ್ನು ಓದುವವರು ಕಡಿಮೆ. ಅದು ನೆನಪಾಗುವುದು ಅವರು ಹೇಳದೆ ಬಂದು ಹೋದ ಮೇಲೆ.

ವಾಕಡ್‌ನಲ್ಲಿರುವ ಪರಿಚಯದ ಹುಡುಗಿಯೊಬ್ಬಳಿಗೆ ಆದದ್ದು ಇದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ದಾವಣಗೆರೆಯಿಂದ ಬಂದಿದ್ದ ಅವಳ ತಾಯಿ ಒಬ್ಬರೇ ಮನೆಯಲ್ಲಿದ್ದರು. ಬುಧವಾರ ಬೆಳಿಗ್ಗೆ ಸುಮಾರು 11 ಗಂಟೆಗೆ ಹೊರಗಿನಿಂದ ಬೀಗ ತಿರುಗಿದ ಸದ್ದು. ಸ್ನಾನ ಮುಗಿಸಿ ಆಗಷ್ಟೇ ಈಚೆ ಬಂದಿದ್ದ ಆಕೆಯ ಮುಂದೆ ಇಬ್ಬರು ಗಂಡಸರು: ಒಬ್ಬರು ಮನೆ ಮಾಲೀಕರು, ಇನ್ನೊಬ್ಬ ಪ್ಲಂಬರ್. ಕೆಳಗಿನ ಫ್ಲ್ಯಾಟಿನ ಛಾವಣಿಯಲ್ಲಿ ನೀರು ಜಿನುಗುತ್ತಿದೆ ಎಂದು ಸೊಸೈಟಿಯಿಂದ ದೂರು ಬಂದಿತ್ತು. ಮನೆಯಲ್ಲಿ ಯಾರೂ ಇರುವುದಿಲ್ಲವೆಂದುಕೊಂಡು ಮಾಲೀಕರು ತಮ್ಮ ಬಳಿಯ ಕೀಲಿಯಿಂದ ಬಾಗಿಲು ತೆಗೆದಿದ್ದರು. ಹಿಂದಿ, ಮರಾಠಿ ಎರಡೂ ಬಾರದ ತಾಯಿಗೆ ಅವರು ಯಾರೆಂದೇ ತಿಳಿಯಲಿಲ್ಲ. ಅಂದಿನಿಂದ ಹಗಲು ಹೊತ್ತಿನಲ್ಲೂ ಚಿಲಕ ಹಾಕಿ, ಬಾಗಿಲಿಗೆ ಕುರ್ಚಿ ಒತ್ತಿಟ್ಟು ಕೂರತೊಡಗಿದರು. ಊರಿಗೆ ಹೋಗುತ್ತೇನೆ ಎಂದು ದಿನವೂ ಒಂದೇ ಮಾತು.

ಮಾಲೀಕರು ಕೆಟ್ಟವರಲ್ಲ. ಗಣಪತಿ ಹಬ್ಬಕ್ಕೆ ಮೋದಕ ಕಳಿಸುವ, ಇವರು ‘ಕಾಕಾ’ ಎಂದು ಕರೆಯುವ ನಿವೃತ್ತ ಮನುಷ್ಯ. ಪ್ಲಂಬರನನ್ನು ಕರೆತಂದದ್ದೂ ಅಗತ್ಯಕ್ಕೇ. ಜಗಳವಾಡಿದರೆ ಮುಂದಿನ ವರ್ಷದ ಕರಾರು ಅನುಮಾನ, ಸುಮ್ಮನಿದ್ದರೆ ಇನ್ನೊಂದು ಬುಧವಾರ.

ಕಾನೂನು ಇಲ್ಲಿ ಎಷ್ಟರ ಮಟ್ಟಿಗೆ ನಮ್ಮ ಕಡೆಗಿದೆ ಎಂದು ಮೊದಲು ನೋಡಿಕೊಳ್ಳಬೇಕು. ‘ಲೀಸ್’ ಬೇರೆ, ‘ಲೈಸೆನ್ಸ್’ ಬೇರೆ. ಲೀಸ್‌ನಲ್ಲಿ ಬಾಡಿಗೆದಾರನಿಗೆ ಆಸ್ತಿಯ ಮೇಲೆ ಒಂದು ಹಕ್ಕು ಹುಟ್ಟುತ್ತದೆ. ಲೈಸೆನ್ಸ್ ಎಂದರೆ, 1882ರ ಈಸ್ಮೆಂಟ್ಸ್ ಕಾಯಿದೆಯ ಪ್ರಕಾರ, ಬಳಸಲು ಕೊಟ್ಟ ಅನುಮತಿ ಅಷ್ಟೇ. ‘ನನ್ನ ಮನೆ, ನನ್ನ ಕೀಲಿ’ ಎಂಬ ಧೋರಣೆಗೆ ಇದೂ ಒಂದು ಕಾರಣ. ಆದರೆ ಅನುಮತಿ ಕೊಟ್ಟ ಕಾಗದದಲ್ಲೇ ಅದಕ್ಕೆ ಉತ್ತರವೂ ಇದೆ. ಮಹಾರಾಷ್ಟ್ರದಲ್ಲಿ ಆನ್‌ಲೈನ್ ನೋಂದಣಿಗೆ ಬಳಸುವ ಕರಾರಿನಲ್ಲಿ ಸಾಮಾನ್ಯವಾಗಿ ‘ತಪಾಸಣೆ’ ಎಂಬ ಕಲಮು ಇರುತ್ತದೆ. ಮಾಲೀಕರು ಅಥವಾ ಅವರ ಪರವಾದವರು ಸೂಕ್ತ ಮುನ್ಸೂಚನೆ ಕೊಟ್ಟು, ಸೂಕ್ತ ಅಂತರದಲ್ಲಿ ಮನೆ ನೋಡಬಹುದು ಎಂಬುದು ಅದರ ಸಾರ. ‘ಸೂಕ್ತ’ ಎಂದರೆ ಎಷ್ಟು ಗಂಟೆ ಎಂದು ಅದು ಹೇಳುವುದಿಲ್ಲ. ಆ ಖಾಲಿ ಜಾಗವನ್ನು ತುಂಬುವುದೇ ನಾವು ಬರೆಯುವ ಪತ್ರದ ಕೆಲಸ.

ತುಂಬಲು ಒಂದು ಅಳತೆಗೋಲು ಸಿಗುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯಿದೆ, ಮಾಲೀಕರು ಒಳಬರುವ ಕನಿಷ್ಠ 24 ಗಂಟೆ ಮೊದಲು ಬರಹದಲ್ಲೋ ಮೊಬೈಲಿನಂಥ ಸಾಧನದಲ್ಲೋ ತಿಳಿಸಬೇಕು, ಕಾರಣ, ದಿನ, ಸಮಯ ಹೇಳಬೇಕು, ಸೂರ್ಯೋದಯಕ್ಕೆ ಮೊದಲು ಮತ್ತು ಸೂರ್ಯಾಸ್ತದ ಮೇಲೆ ಬರಬಾರದು ಎನ್ನುತ್ತದೆ. ಬೆಂಕಿ, ಪ್ರವಾಹದಂಥ ಆಪತ್ತಿಗೆ ಈ ಕಟ್ಟಿಲ್ಲ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಜಾರಿಗೆ ಬರುತ್ತದೆ. ಆದ್ದರಿಂದ ಪುಣೆಯಲ್ಲಿ ಅದನ್ನು ತೋರಿಸಿ ಹೆದರಿಸಲಾಗದು, ‘ಇಷ್ಟು ನ್ಯಾಯ’ ಎಂದು ಕೇಳಬಹುದು. ಚೆನ್ನೈನಲ್ಲಿರುವ ನಮ್ಮವರ ಸ್ಥಿತಿ ಸ್ವಲ್ಪ ಬೇರೆ: 2019ರಿಂದ ಜಾರಿಯಲ್ಲಿರುವ ತಮಿಳುನಾಡಿನ ಬಾಡಿಗೆ ಕಾನೂನಿನಲ್ಲೇ 24 ಗಂಟೆಯ ಮುನ್ಸೂಚನೆಯ ಮಾತಿದೆ.

ಆ ಹುಡುಗಿ ಎರಡು ದಿನ ಬಿಟ್ಟು, ಸಿಟ್ಟು ಇಳಿದ ಮೇಲೆ, ವಾಟ್ಸಾಪ್‌ನಲ್ಲಿ ಬರೆದಳು. ಹಿಂದಿ ಮರಾಠಿ ಬೆರೆತ ಆ ಸಂದೇಶ ಕನ್ನಡದಲ್ಲಿ ಹೀಗಾಗುತ್ತದೆ:

“ಕಾಕಾ, ನಮಸ್ಕಾರ. ಬುಧವಾರ ಬೆಳಿಗ್ಗೆ ನೀವು ಪ್ಲಂಬರ್ ಜೊತೆ ಬಂದಿದ್ದಿರಿ. ಕೆಳಗಿನವರಿಗೆ ತೊಂದರೆಯಾಗುತ್ತಿರುವುದು ನಮಗೂ ತಿಳಿದಿದೆ, ಬಾತ್‌ರೂಮಿನ ಕೆಲಸ ಬೇಗ ಆಗಲಿ ಎಂದೇ ನಮ್ಮ ಆಸೆ. ಆದರೆ ನೀವು ಬರುವುದು ನಮಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು, ಬಾಗಿಲು ತಾನಾಗಿ ತೆರೆದುಕೊಂಡಿದ್ದಕ್ಕೆ ತುಂಬಾ ಹೆದರಿದ್ದಾರೆ. ಹೇಳದೆ ಒಳಗೆ ಬರುವುದು ಇನ್ನು ಮುಂದೆ ಬೇಡ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇವೆ. ಬರುವುದಿದ್ದರೆ ಹಿಂದಿನ ದಿನ ಇಲ್ಲೇ ಒಂದು ಮೆಸೇಜ್ ಹಾಕಿ, ಯಾವ ಕೆಲಸ, ಯಾರು ಬರುತ್ತಾರೆ ಎಂದು ತಿಳಿಸಿ. ವಾರದ ದಿನ ಬೆಳಿಗ್ಗೆ 8ರಿಂದ 9, ಶನಿವಾರ ಯಾವಾಗಲಾದರೂ ನಮ್ಮಲ್ಲಿ ಒಬ್ಬರು ಇರುತ್ತೇವೆ. ಪೈಪ್ ಒಡೆಯುವುದು, ಗ್ಯಾಸ್ ವಾಸನೆ ಇಂಥದ್ದಕ್ಕೆ ಕಾಯುವುದು ಬೇಡ. ಇಬ್ಬರಿಗೂ ಫೋನ್ ಮಾಡಿ, ಬೆಲ್ ಒತ್ತಿ, ಯಾರೂ ಸಿಗದಿದ್ದರೆ ಮಾತ್ರ ಕೀಲಿ ಬಳಸಿ. ಈ ಪ್ಲಂಬಿಂಗ್ ಕೆಲಸಕ್ಕೆ ಬರುವ ಶನಿವಾರ 10 ಗಂಟೆ ಆದೀತೇ?”

ಇದರಲ್ಲಿ ‘ಅತಿಕ್ರಮ’, ‘ಪೊಲೀಸ್’, ‘ವಕೀಲ’ ಎಂಬ ಪದಗಳಿಲ್ಲ. ಕ್ಷಮೆ ಕೇಳಿ ಎಂಬ ಒತ್ತಾಯವೂ ಇಲ್ಲ. ಆದರೆ ದಿನ, ಸಮಯ, ಆದದ್ದೇನು ಎಂಬುದು ದಾಖಲಾಗಿದೆ. ಮುಂದೆ ಮಾತು ಬೆಳೆದರೆ ಬೇಕಾಗುವುದು ಅದೇ. ‘ಸಾಧ್ಯವಾದರೆ ಹೇಳಿ ಬನ್ನಿ’ ಎಂದು ಬರೆದಿದ್ದರೆ ಕೇಳಿದ್ದೂ ಬಿಟ್ಟದ್ದೂ ಒಂದೇ ಆಗುತ್ತಿತ್ತು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕೊನೆಯ ಸಾಲು. ಮಾಲೀಕರಿಗೆ ಆಗಬೇಕಾದ ಕೆಲಸಕ್ಕೆ ದಿನವನ್ನು ಬಾಡಿಗೆದಾರಳೇ ಕೊಟ್ಟಳು. ಕೆಲಸ ತಡೆಯುತ್ತಿದ್ದಾರೆ ಎಂದು ಸೊಸೈಟಿಯ ಮುಂದೆ ಹೇಳಲು ಕಾಕಾರಿಗೆ ದಾರಿಯೇ ಉಳಿಯಲಿಲ್ಲ.

ಇದೇ ಸಂದೇಶವನ್ನು ಸೊಸೈಟಿಯ ಗ್ರೂಪಿನಲ್ಲಿ ಹಾಕಿದ್ದರೆ ಕಥೆ ಬೇರೆಯಾಗುತ್ತಿತ್ತು. ನಾಲ್ಕು ಜನರೆದುರು ತಲೆ ತಗ್ಗಿಸಬೇಕಾದ ಹಿರಿಯರು ಮರ್ಯಾದೆ ಉಳಿಸಿಕೊಳ್ಳಲು ಹಟ ಹಿಡಿಯುತ್ತಾರೆ. ಬೀಗ ಬದಲಿಸಿ ಕೀಲಿ ಕೊಡದಿರುವುದು, ಬಾಡಿಗೆ ತಡೆಹಿಡಿಯುವುದು ಇನ್ನೂ ಕೆಟ್ಟ ಉಪಾಯ. ತಪ್ಪು ಅವರದಾಗಿದ್ದದ್ದು ಕರಾರು ಮುರಿದ ತಪ್ಪಾಗಿ ನಮ್ಮ ಮೇಲೆ ತಿರುಗುತ್ತದೆ. ಒಳಗಿನ ಚಿಲಕ ಹಾಕಿಕೊಳ್ಳಲು ಮಾತ್ರ ಯಾರ ಅಪ್ಪಣೆಯೂ ಬೇಡ.

ಕಾಕಾರ ಮೊದಲ ಉತ್ತರ ಬಿಗಿಯಾಗಿಯೇ ಇತ್ತು: “ನನ್ನ ಮನೆಗೆ ಬರಲು ನಾನು ಅಪಾಯಿಂಟ್‌ಮೆಂಟ್ ತಗೋಬೇಕಾ?” ಅವಳು ವಾದಕ್ಕಿಳಿಯಲಿಲ್ಲ. ಕರಾರಿನ ಆ ಕಲಮಿನ ಫೋಟೋ ಕಳಿಸಿ, “ಮನೆ ನಿಮ್ಮದೇ ಕಾಕಾ. ಇದರಲ್ಲಿ ಬರೆದ ಮುನ್ಸೂಚನೆಯನ್ನಷ್ಟೇ ಕೇಳುತ್ತಿದ್ದೇವೆ” ಎಂದಳು. ಸಂಜೆಯವರೆಗೆ ಮೌನ. ಆಮೇಲೆ “ಶನಿವಾರ 10, ಪ್ಲಂಬರ್ ಮತ್ತು ನಾನು” ಎಂದು ಬಂತು. ಶನಿವಾರ ಕಾಕಾ ಬೆಲ್ ಒತ್ತಿದರು. ತಾಯಿಯೇ ಬಾಗಿಲು ತೆಗೆದರು, ಮಗಳು ಹಿಂದೆ ನಿಂತು ಇವರು ಯಾರೆಂದು ಹೇಳಿದಳು.

ಇನ್ನೊಂದು ಬಗೆಯ ಭೇಟಿ ಬಾಕಿ ಇದೆ, ಜಗಳ ಹೆಚ್ಚಾಗುವುದೂ ಅಲ್ಲೇ: ಕರಾರು ಮುಗಿಯುವ ಕೊನೆಯ ತಿಂಗಳು ಹೊಸ ಬಾಡಿಗೆದಾರರಿಗೆ ಮನೆ ತೋರಿಸುವುದು. ಆಗ ಕೀಲಿ ಬ್ರೋಕರನ ಕೈಗೆ ಹೋಗುತ್ತದೆ, ಅವನು ದಿನಕ್ಕೆ ನಾಲ್ಕು ಮಂದಿಯನ್ನು ಕರೆತರುತ್ತಾನೆ, ಕಪಾಟು ತೆಗೆದು ತೋರಿಸುತ್ತಾನೆ, ನಮ್ಮ ಸಾಮಾನಿನ ಸಮೇತ ಫೋಟೋ ಹೊಡೆದುಕೊಳ್ಳುತ್ತಾನೆ. ನೋಟಿಸು ಕೊಡುವ ದಿನವೇ ವಾರದಲ್ಲಿ ಎರಡು ಹೊತ್ತು ಗೊತ್ತುಮಾಡಿ ತಿಳಿಸಿಬಿಡುವುದು ಲೇಸು. ಬುಧವಾರ ಸಂಜೆ 5ರಿಂದ 6, ಶನಿವಾರ 11ರಿಂದ 1 ಎಂದಿಟ್ಟುಕೊಳ್ಳಿ. ನಾವಿಲ್ಲದಾಗ ಬ್ರೋಕರ್ ಒಬ್ಬನೇ ಬರುವಂತಿಲ್ಲ, ಫೋಟೋ ಬೇಕಾದರೆ ನಾವೇ ತೆಗೆದು ಕಳಿಸುತ್ತೇವೆ ಎಂದೂ ಸೇರಿಸಬಹುದು. ಡಿಪಾಸಿಟ್ ಇನ್ನೂ ಅವರ ಕೈಯಲ್ಲಿರುವ ಕಾಲ ಅದು, ಮಾತು ಮೆತ್ತಗಿರಲಿ, ಸಮಯ ಮಾತ್ರ ಖಚಿತವಾಗಿರಲಿ.

ಆ ದಂಪತಿ ಮನೆ ಬಿಡಲಿಲ್ಲ. ಕರಾರು ನವೀಕರಿಸುವಾಗ ‘ಸೂಕ್ತ ಮುನ್ಸೂಚನೆ’ ಎಂಬಲ್ಲಿ ‘24 ಗಂಟೆ ಮೊದಲು, ವಾಟ್ಸಾಪ್ ಮೂಲಕ’ ಎಂದು ಸೇರಿಸಲು ಏಜೆಂಟನನ್ನು ಕೇಳಿದರು. ಅವನು ಗೊಣಗಿದ. ಕಾಕಾ, “ಹಾಕು, ಹಾಕು” ಎಂದು ಹೆಬ್ಬೆರಳು ಒತ್ತಿದರು.